ಐದು ಚಿತ್ರ, ಒಂದು ಡಬ್ಬಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸಿಂಧನೂರಿನ ಒಬ್ಬ ಎಂಜಿನಿಯರ್ ಸಾಹೇಬರ ಆಫೀಸಿನಲ್ಲಿ ನಕ್ಷೆ ತೆಗೆಯುತ್ತಿದ್ದೆ. ಅಲ್ಲಿಗೆ ಕಂಪ್ಯೂಟರ್ ಬಂದಾಗ ಅದನ್ನು ಮುಟ್ಟುವ ಧೈರ್ಯ ಮಾಡಿದವಳು ನಾನೊಬ್ಬಳೇ. ಕಟ್ಟುವ ಮೊದಲೇ ಕಟ್ಟಡ ಹೇಗಿರುತ್ತದೆಂದು ತೋರಿಸುವ ಬಣ್ಣದ ಚಿತ್ರಗಳನ್ನು ಅದರಲ್ಲಿ ಮಾಡಲು ಕಲಿತೆ. ಅಲ್ಲಿಯವರೆಗೆ ಆ ಚಿತ್ರಗಳನ್ನು ಕುಂಚ ಹಿಡಿದು ಬರೆಯುತ್ತಿದ್ದವರು ಬೋರ್ಡು ಬರೆಯುವ ಪೇಂಟರ್ ಕಾಕಾ. ನಾನು ಕಲಿತ ಮೇಲೆ ಅವರಿಗೆ ಆ ಕೆಲಸ ನಿಂತಿತು. ಆದರೂ ದಿನಾ ಬಂದು ಚಹಾ ಕುಡಿದು, ನನ್ನ ಪರದೆ ನೋಡಿ ಮೂಗು ಮುರಿದು ಹೋಗುತ್ತಿದ್ದರು. ಅವರು ಬರದ ದಿನ ನನಗೆ ಬೇಸರವಾಗುತ್ತಿತ್ತು.

ಮಸ್ಕಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟುವ ಕೆಲಸ ಬಂತು. ಜಾಗ ಕೊಟ್ಟವರು ನಿವೃತ್ತ ಹೆಡ್ ಮೇಡಂ. ನಾನು ಮುಂಭಾಗ, ಅಂಗಳ, ಊಟದ ಮನೆ, ಮಲಗುವ ಕೋಣೆ, ಜಗುಲಿ ಎಂದು ಐದು ಚಿತ್ರ ಮಾಡಿ, ಮುದ್ರಿಸಿ ಅವರ ಮುಂದೆ ಹಾಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಯವ್ವಾ, ಇದು ಒಂದ ಹಾಸ್ಟೆಲ್ಲೋ, ಎರಡೋ? ಈ ಮೂರಕ್ಕ ಅರಿಷಿಣ ಬಳದೀರಿ, ಈ ಎರಡಕ್ಕ ನೀಲಿ ಹಾಕೀರಿ."

ನಿಜವಾಗಿತ್ತು. ಎಲ್ಲಾ ಕಡೆ ಒಂದೇ ಸುಣ್ಣದ ಬಿಳಿ ಗೋಡೆ ಕೊಟ್ಟಿದ್ದೆ. ಆದರೂ ಅಲ್ಲಿ ಹಳದಿ, ಇಲ್ಲಿ ನೀಲಿ. ಸಾಹೇಬರು ತಮ್ಮ ಕೋಣೆಯಿಂದ ಹೊರಗೆ ಬಂದು ಹೇಳಿದರು: "ಸೋಮವಾರ ಲಿಂಗಸುಗೂರಾಗ ಹಾಸ್ಟೆಲ್ ಕಮಿಟಿ ಕೂಡತೈತಿ. ಅಷ್ಟರಾಗ ಸರಿ ಆಗಲಿಲ್ಲಂದ್ರ ಚಿತ್ರದ ಕೆಲಸ ಹೈದ್ರಾಬಾದಿಗೆ ಕಳಸ್ತೀನಿ. ನೀ ಮತ್ತ ನಕ್ಷಿ ಟ್ರೇಸಿಂಗ್ ಮಾಡಾಕ ಕೂಡು."

ಒಂದೊಂದು ಚಿತ್ರ ಹೊರಬರಲು ಆ ಕಂಪ್ಯೂಟರಿಗೆ ಅರ್ಧ ದಿನ ಬೇಕು, ನಡುವೆ ಕರೆಂಟು ಹೋದರೆ ಮೊದಲಿನಿಂದ. ಮತ್ತೆ ಮಾಡುವ ಮಾತೇ ಇರಲಿಲ್ಲ. ಇದ್ದ ಚಿತ್ರಗಳ ಬಣ್ಣವನ್ನೇ ತಿದ್ದಬೇಕಿತ್ತು. ತಿದ್ದುತ್ತ ಕೂತೆ. ಸಂಜೆ ಸರಿ ಕಂಡದ್ದು ಬೆಳಿಗ್ಗೆ ಕೆಟ್ಟಿರುತ್ತಿತ್ತು. ಸಿಟ್ಟಿಗೆ ಇಲಿಯನ್ನು, ಅಂದರೆ ಮೌಸನ್ನು, ಮೇಜಿಗೆ ಕುಟ್ಟಿದೆ.

ಕಾಕಾ ಬಾಗಿಲಲ್ಲೇ ನಿಂತಿದ್ದರು. "ಅದನ್ಯಾಕ ಹೊಡೀತಿ? ಈ ಹಳದಿ ಮೂರು ಯಾವಾಗ ಮಾಡಿದ್ದಿ?"

"ಸಂಜಿಮುಂದ, ಕಾಕಾ. ಬಲ್ಬ್ ಹಚ್ಚಿಕೊಂಡು."

"ನೀಲಿ ಎರಡು?"

"ಹಗಲಿನ್ಯಾಗ್ರಿ. ಕಿಟಕಿ ಮಗ್ಗಲಾಗ."

ಕಾಕಾ ಹಣೆ ಬಡಿದುಕೊಂಡರು. "ಬಲ್ಬಿನ ಬೆಳಕಿನ್ಯಾಗ ಕಣ್ಣು ಹಳದಿಗೆ ರೂಢಿ ಆಗ್ಯಾವ. ಪರದಿ ಮ್ಯಾಲಿನ ಬಿಳಿ ನೋಡಿದ್ರ ನೀಲಿ ಕಾಣತೈತಿ, ನೀ ಹಳದಿ ಸುರದಿ. ಕಿಟಕಿ ಕಡೆ ಉಲ್ಟಾ. ನಾ ಬಣ್ಣ ಕಲಸೋದು ಒಂದ ಹೊತ್ತಿಗೆ, ಒಂದ ಬೇವಿನ ನೆಳ್ಳಾಗ. ಒಂದು ಮನಿಗೆ ಒಂದ ಡಬ್ಬಿ."

ಕಿಟಕಿಗೆ ಚಾದರ ಕಟ್ಟಿಸಿದರು, ಬಲ್ಬು ಆರಿಸಿ ಟ್ಯೂಬ್‌ಲೈಟ್ ಒಂದನ್ನೇ ಉಳಿಸಿದರು. ಹಳೆಯ ಲಗ್ನಪತ್ರಿಕೆಯ ಬಿಳಿ ಬೆನ್ನಿಗೆ ಕಡಲೆಕಾಳಿನಷ್ಟು ತೂತು ಕೊರೆದು, ಅದನ್ನು ಪರದೆಗೆ ಹಿಡಿದು ಒಂದೊಂದು ಚಿತ್ರದ ಗೋಡೆಯನ್ನು ನನಗೆ ತೋರಿಸಿದರು. ಸುತ್ತಲಿನದೆಲ್ಲ ಮರೆಯಾದಾಗ ಒಂದು ಗೋಡೆ ಬೆಣ್ಣೆ, ಇನ್ನೊಂದು ನೀಲಿ ಹೆಚ್ಚಾದ ಧೋತರ. ನನಗೆ ನಾಚಿಕೆಯಾಯಿತು, ನಗುವೂ ಬಂತು.

ಆಮೇಲೆ ನನ್ನ ವಿದ್ಯೆ ನೆರವಿಗೆ ಬಂತು. ಮೌಸಿನ ಬಾಣವನ್ನು ಚಿತ್ರದ ಗೋಡೆಯ ಮೇಲಿಟ್ಟರೆ ಕೆಂಪು, ಹಸಿರು, ನೀಲಿ ಎಷ್ಟೆಷ್ಟಿವೆಯೆಂದು ಸಂಖ್ಯೆ ಕಾಣುತ್ತದೆ. ಮೂರೂ ಹೆಚ್ಚುಕಡಿಮೆ ಸಮ ಇದ್ದರೆ ಬಿಳಿಯಲ್ಲಿ ಕಲಬೆರಕೆ ಇಲ್ಲ. ಹಳದಿ ಚಿತ್ರಗಳಲ್ಲಿ ನೀಲಿ ಏರಿಸಿದೆ, ನೀಲಿಯವುಗಳಲ್ಲಿ ಅದನ್ನು ಇಳಿಸಿ ಕೆಂಪು ತುಸು ಏರಿಸಿದೆ. ಗೋಡೆಗಷ್ಟೇ ಅಲ್ಲ, ಇಡೀ ಚಿತ್ರಕ್ಕೆ.

ಅಂಗಳದ ಚಿತ್ರದಲ್ಲಿ ಎಡವಿದೆ. ಇಳಿಬಿಸಿಲು ಬಿದ್ದ ಗೋಡೆಯನ್ನೇ ಅಳೆದು ಬಿಳಿ ಮಾಡಿಬಿಟ್ಟೆ, ನೆರಳೆಲ್ಲ ನೀಲಿಗಟ್ಟಿತು.

"ಬಿಸಿಲು ಸತ್ತುಹೋತು ನೋಡು," ಎಂದರು ಕಾಕಾ. "ನೆಳ್ಳಿನ ಗ್ವಾಡಿ ಹಿಡಿ. ಐದರಾಗೂ ನೆಳ್ಳು ಒಂದ ಇರಲಿ. ಬಿಸಿಲಿಗೆ ಬಿಸಿಲಿನ ಬಣ್ಣ ಬ್ಯಾಡೇನು?"

ನೆರಳಿನ ಗೋಡೆ ಹಿಡಿದು ಮತ್ತೆ ತಿದ್ದಿದೆ. ಬಿಸಿಲು ಅಂಗಳಕ್ಕೆ ವಾಪಸು ಬಂತು. ಐದನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು, ಒಂದೇ ಕಾಗದದ ಮೇಲೆ ಮುದ್ರಿಸಿ ಮತ್ತೆ ನೋಡಿದೆವು.

ಸೋಮವಾರ ಲಿಂಗಸುಗೂರಿನಲ್ಲಿ ಹೆಡ್ ಮೇಡಂ ಚಿತ್ರಗಳನ್ನು ಸಾಲಾಗಿ ಇಟ್ಟು ಬಹಳ ಹೊತ್ತು ನೋಡಿ, "ಈಗ ಒಂದ ಮನಿ ಆತು," ಎಂದರು. ಸಾಹೇಬರು ಮತ್ತೆ ಹೈದರಾಬಾದಿನ ಸುದ್ದಿ ಎತ್ತಲಿಲ್ಲ.

ಮರುದಿನ ಕಾಕಾ ಚಹಾಕ್ಕೆ ಬಂದಾಗ ಚಿತ್ರಗಳನ್ನು ಅವರ ಮುಂದಿಟ್ಟೆ. ಹಿಂದೆ ಅವರು ತಾವು ಕುಂಚದಲ್ಲಿ ಬರೆದ ಚಿತ್ರದ ಮೂಲೆಯಲ್ಲಿ ಸಹಿ ಹಾಕುತ್ತಿದ್ದರು. ಈ ಐದರ ಮೂಲೆಯಲ್ಲೂ 'ಚಿತ್ರ' ಎಂದು ನನ್ನ ಹೆಸರು, 'ಬಣ್ಣ' ಎಂದು ಅವರ ಹೆಸರು ಹಾಕಿದ್ದೆ. ಅವರು ಓದಿದರು. ಜೇಬಿನಿಂದ ಆ ತೂತಿನ ಲಗ್ನಪತ್ರಿಕೆ ತೆಗೆದು ಮೊದಲ ಚಿತ್ರದ ಮೇಲೆ ಇಟ್ಟರು, ಗೋಡೆಯ ಮೇಲಲ್ಲ, ತಮ್ಮ ಹೆಸರಿನ ಮೇಲೆ, ತೂತಿನಲ್ಲಿ ಅದೊಂದೇ ಕಾಣುವಂತೆ. ಆಮೇಲೆ ಎರಡನೆಯದರ ಮೇಲೆ, ಮೂರನೆಯದರ ಮೇಲೆ. ಐದೂ ಮುಗಿಯುವ ಹೊತ್ತಿಗೆ ಚಹಾ ಆರಿತ್ತು.