ಕಲಸಿಟ್ಟ ಆಯ್ಕೆಗಳು

ಗುಲ್ಬರ್ಗದ ನಮ್ಮ ಕಾಲೇಜಿನ ಕಂಪ್ಯೂಟರ್ ಪರೀಕ್ಷೆಯಲ್ಲಿ ಹುಡುಗರ ಸಾಲಿಗೆ ಸಾಲೇ ಪಕ್ಕದ ಪರದೆ ನೋಡಿ ಒಂದೇ ಉತ್ತರ ಒತ್ತುತ್ತಿತ್ತು. ಅವರಿಗೆ ಪಾಠ ಹೇಳುವ ನಾನು ಸಿಟ್ಟಿಗೆದ್ದು, ಪಾಠಕ್ಕೆ ಹತ್ತಾರರಂತೆ ಪ್ರಶ್ನೆ ಬರೆದು ಕಂಪ್ಯೂಟರಿಗೆ ತುಂಬಿದೆ. ಕಂಪ್ಯೂಟರೇ ಅವುಗಳಿಂದ ಒಬ್ಬೊಬ್ಬರಿಗೆ ಬೇರೆ ಬೇರೆ ಪ್ರಶ್ನೆ ಆರಿಸಿ, ಲೆಕ್ಕದ ಅಂಕಿ ಬದಲಿಸಿ, ಉತ್ತರದ ಆಯ್ಕೆಗಳ ಕ್ರಮವನ್ನೂ ಕಲಸುವಂತೆ ಮಾಡಿದೆ. ಪರದೆಯ ನೆತ್ತಿಗೆ ನನ್ನ ಹೆಸರನ್ನೂ ದಪ್ಪಕ್ಷರದಲ್ಲಿ ಹಾಕಿಕೊಂಡೆ.

ಮುಂದಿನ ಪರೀಕ್ಷೆಯ ದಿನ ಪಕ್ಕದವರ ಪರದೆ ನೋಡಿದವರಿಗೆ ಏನೂ ದಕ್ಕಲಿಲ್ಲ. ನಾನು ಮೀಸೆ ತಿರುವುತ್ತ ಓಡಾಡಿದೆ.

ಕಮಲಾಪುರದಿಂದ ಬಸ್ಸಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ಮೊದಲನೇ ಆಯ್ಕೆನೇ 'ಮೇಲಿನ ಎಲ್ಲವೂ ಸರಿ' ಅಂತ ಬಂದದ್ರಿ."

ನಾನು ಕೊನೆಗೆ ಬರೆದಿದ್ದ ಆಯ್ಕೆ ಕಲಸಾಟದಲ್ಲಿ ಮೇಲೇರಿತ್ತು.

"ಬಂದ್ರ ಏನಾತು?" ಎಂದು ಗದರಿದೆ.

"ಮ್ಯಾಲ ಪ್ರಶ್ನೆ ಬಿಟ್ರ ನಿಮ್ಮ ಹೆಸರೊಂದೇ ಅದರಿ. ಸರಿ ಅಂತ ಒತ್ತಲೇನ್ರಿ?"