ಆರೋ ಒಂಬತ್ತೋ

ನನ್ನ ಅಕ್ಷರ ಚೆನ್ನಾಗಿದೆ ಎಂದು ನಾಲ್ಕು ತಾಲ್ಲೂಕಿನ ಮೇಷ್ಟ್ರುಗಳೆಲ್ಲ ಹೇಳುತ್ತಿದ್ದರು. ನನಗೂ ಅದರ ಜಂಬ ಸ್ವಲ್ಪ ಇತ್ತು, ಸುಳ್ಳೇಕೆ ಹೇಳಲಿ. ಮಹಾರಾಜರ ಕಾಲದಲ್ಲಿ ಟೈಪು ಮಿಷನ್ನು ಎಲ್ಲ ಕಚೇರಿಯಲ್ಲಿ ಎಲ್ಲಿರಬೇಕು? ಹೀಗಾಗಿ ಮಿಡ್ಲ್ ಸ್ಕೂಲು ಮುಗಿಸಿದ ಮಕ್ಕಳ ಸ್ಕಾಲರ್‌ಷಿಪ್ ಪಟ್ಟಿಯನ್ನು ಶುದ್ಧ ಪ್ರತಿ ಮಾಡುವ ಕೆಲಸ ಆ ವರ್ಷ ನನ್ನ ಕೊರಳಿಗೆ ಬಿತ್ತು.

ಮಧುಗಿರಿಯ ಸ್ಕೂಲ್ ಇನ್‌ಸ್ಪೆಕ್ಟರ ಕಚೇರಿಯ ಹಿಂದಿನ ಕೋಣೆಯಲ್ಲಿ ಕೂತೆ. ಬೇಸಗೆ. ಬೆಟ್ಟದ ಬಂಡೆ ಕಾದು ಊರೆಲ್ಲ ಒಲೆಯಾಗಿತ್ತು. ಪಟ್ಟಿ ಸಂಜೆ ಐದಕ್ಕೆ ಬೋರ್ಡಿಗೆ ಬೀಳಬೇಕು, ಅಲ್ಲಿಯವರೆಗೆ ಬಾಗಿಲು ಮುಚ್ಚಿರಬೇಕು, ಗುಟ್ಟು ಹೊರಗೆ ಹೋಗಕೂಡದು ಎಂದು ಹೆಡ್ ಗುಮಾಸ್ತರು ಹೇಳಿ ಎದುರಿಗೇ ಕುರ್ಚಿ ಹಾಕಿಕೊಂಡರು.

ನನ್ನ ಮುಂದಿದ್ದದ್ದು ಒಂದು ದೊಡ್ಡ ಹಾಳೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮಕ್ಕಳ ಹೆಸರುಗಳು. ಕನ್ನಡ, ಲೆಕ್ಕ, ಚರಿತ್ರೆ, ಇಂಗ್ಲಿಷ್ ಎಂದು ಉದ್ದಕ್ಕೆ ಗೆರೆ ಎಳೆದ ನಾಲ್ಕು ಕಲಮು. ಉತ್ತರ ಪತ್ರಿಕೆಗಳ ಮೇಲೆ ಹೆಸರಿರುತ್ತಿರಲಿಲ್ಲ, ನಂಬರು ಮಾತ್ರ. ತಿದ್ದಿದ ಮೇಷ್ಟ್ರು ತನ್ನ ಕಲಮಿನಲ್ಲಿ ಆ ನಂಬರಿನ ಎದುರು ತಾನೇ ಅಂಕ ಬರೆಯಬೇಕು. ಆಮೇಲೆ ಕಚೇರಿಯವರು ಹೆಸರು ಸೇರಿಸುತ್ತಾರೆ. ಒಬ್ಬ ಗುಮಾಸ್ತ ಪ್ರತಿ ಮಗುವಿನ ಅಂಕಗಳನ್ನು ಅಡ್ಡಲಾಗಿ ಕೂಡಿ ಮೊತ್ತ ಹಾಕುತ್ತಾನೆ, ಇನ್ನೊಬ್ಬ ಪ್ರತಿ ಕಲಮನ್ನು ಉದ್ದಕ್ಕೆ ಕೂಡುತ್ತಾನೆ. ಮೊತ್ತದಲ್ಲಿ ಮೇಲಿನ ಎಂಟು ಮಕ್ಕಳಿಗೆ ಸ್ಕಾಲರ್‌ಷಿಪ್. ಲೆಕ್ಕದ ಪತ್ರಿಕೆ ತಿದ್ದಿ ಆ ಕಲಮು ತುಂಬಿದವನು ನಾನೇ.

ಮೊತ್ತದಲ್ಲಿ ಎಂಟನೆಯದಾದ ಹೆಸರಿನ ಮೇಲೆ ಕಣ್ಣು ನಿಂತಿತು. ಇನ್ನೂರ ಎಂಬತ್ತೊಂದು ಅಂಕ, ಕೊರಟಗೆರೆಯ ನನ್ನ ತಂಗಿಯ ಮಗಳು.

ತಂಗಿ ಗಂಡನನ್ನು ಕಳೆದುಕೊಂಡು ಭಾವನ ಮನೆಯಲ್ಲಿದ್ದಳು. ಆ ಮನೆಯ ಹಿರಿಯರದು ಒಂದೇ ಮಾತು: ಸ್ಕಾಲರ್‌ಷಿಪ್ ಬಂದರೆ ಹುಡುಗಿ ತುಮಕೂರಿಗೆ ಹೋಗಿ ಹೈಸ್ಕೂಲು ಓದಲಿ, ಬರದಿದ್ದರೆ ಮದುವೆ. ಗಂಡೂ ಗೊತ್ತಾಗಿತ್ತು, ಹುಡುಗಿಗಿಂತ ಹದಿನೈದು ವರ್ಷ ದೊಡ್ಡವನು.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಮಾಡಬಾರದ್ದು ಮಾಡಿದೆ. ಕೊರಟಗೆರೆ ಕಡೆ ಹೊರಟಿದ್ದ ಬಳೆಗಾರನ ಹತ್ತಿರ, "ನನ್ನ ತಂಗಿಗೆ ಬಂತು ಅಂತ ಹೇಳಪ್ಪ, ಅಷ್ಟೇ ಸಾಕು" ಎಂದೆ. ಅವನು ಬಸ್ಸು ಹತ್ತಿದ. ಗುಟ್ಟು ಕಾಯಲು ಕೂರಿಸಿದ್ದ ಮೇಷ್ಟ್ರು ನಾನು.

ತಿರುಗಿ ಬಂದು ಬರೆಯಲು ಕೂತೆ. ಶುದ್ಧ ಪ್ರತಿಗೆ ಮುಂಚೆ ತಾಳೆ ನೋಡುವುದು ನನ್ನ ಚಾಳಿ. ಉದ್ದದ ನಾಲ್ಕು ಮೊತ್ತಗಳನ್ನು ಕೂಡಿದರೂ, ಅಡ್ಡದ ಮೊತ್ತಗಳನ್ನೆಲ್ಲ ಕೂಡಿದರೂ ಒಂದೇ ಉತ್ತರ ಬರಬೇಕು. ಬರಲಿಲ್ಲ. ಅಡ್ಡದ್ದು ಮೂವತ್ತು ಕಡಿಮೆ. ಮತ್ತೆ ಕೂಡಿದೆ, ಮತ್ತೆ ಮೂವತ್ತು.

ಸರಿಯಾಗಿ ಮೂವತ್ತು ಎಂದರೆ ತಪ್ಪು ಹತ್ತರ ಸ್ಥಾನದಲ್ಲಿದೆ. ಒಬ್ಬನು ಒಂಬತ್ತು ಎಂದು ಓದಿದ್ದನ್ನು ಇನ್ನೊಬ್ಬನು ಆರು ಎಂದು ಓದಿದ್ದಾನೆ. ನಮ್ಮ ಕನ್ನಡದ ೬ಕ್ಕೂ ೯ಕ್ಕೂ ಇರುವ ಅಂತರ ಬಾಲ ಯಾವ ಕಡೆ ತಿರುಗಿತು ಎಂಬುದಷ್ಟೇ. ಸಾಲು ಸಾಲಾಗಿ ಬೆರಳಿಟ್ಟು ಬಂದೆ. ಪಾವಗಡದ ಒಬ್ಬ ಹುಡುಗ, ಕುರಿ ಕಾಯುವವರ ಮನೆಯವನು. ಎಪ್ಪತ್ತೊಂದು, ಅರವತ್ತನಾಲ್ಕು, ಐವತ್ತೆಂಟು ಸ್ಪಷ್ಟವಾಗಿದ್ದವು. ಲೆಕ್ಕದಲ್ಲಿ ಮಾತ್ರ ತೊಂಬತ್ತೆರಡೋ ಅರವತ್ತೆರಡೋ ತಿಳಿಯದು. ಅಡ್ಡ ಕೂಡಿದವನು ಅರವತ್ತೆರಡೆಂದು ಓದಿ ಇನ್ನೂರ ಐವತ್ತೈದು ಹಾಕಿದ್ದ. ಉದ್ದ ಕೂಡಿದವನು ತೊಂಬತ್ತೆರಡೆಂದು ಓದಿದ್ದ. ತೊಂಬತ್ತೆರಡಾದರೆ ಹುಡುಗನಿಗೆ ಇನ್ನೂರ ಎಂಬತ್ತೈದು. ನನ್ನ ತಂಗಿಯ ಮಗಳು ಒಂಬತ್ತನೆಯವಳು.

ಅದು ಯಾರ ಅಕ್ಷರ? ನನ್ನದೇ. "ಒಂಬತ್ತರ ಬಾಲ ನೆಟ್ಟಗೆ ಎಳಿ" ಎಂದು ಎಷ್ಟು ಮಕ್ಕಳ ಗೆಣ್ಣಿಗೆ ರೂಲುದೊಣ್ಣೆಯಲ್ಲಿ ಹೊಡೆದಿದ್ದೇನೋ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಕಣ್ಣು ಕಿರಿದು ಮಾಡಿ ನೋಡಿದೆ, ಹಾಳೆ ಓರೆಯಾಗಿ ಹಿಡಿದು ನೋಡಿದೆ. ಆರು ಎಂದುಕೊಂಡರೆ ಆರು, ಒಂಬತ್ತು ಎಂದುಕೊಂಡರೆ ಒಂಬತ್ತು. ನೂರಾರು ಪತ್ರಿಕೆ ತಿದ್ದಿದವನಿಗೆ ನೆನಪೆಲ್ಲಿಂದ ಬರಬೇಕು? ಸುಮ್ಮನೆ ಇದ್ದದ್ದನ್ನು ಇದ್ದ ಹಾಗೆ ಬರೆದು ಎದ್ದರೆ ಕೇಳುವವರಿಲ್ಲ. ಅಂಗಿ ಬೆನ್ನಿಗೆ ಅಂಟಿತು. ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬಳೆಗಾರ ಅಷ್ಟು ಹೊತ್ತಿಗೆ ಊರು ಮುಟ್ಟಿರುತ್ತಾನೆ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

"ಯಾಕೆ ಮೇಷ್ಟ್ರೇ, ಲೇಖನಿ ನಿಂತೋಯ್ತು?" ಎಂದರು ಹೆಡ್ ಗುಮಾಸ್ತರು.

ತಾಳೆಯಾಗುತ್ತಿಲ್ಲ ಎಂದು ಬಾಯಿಂದ ಬಂದೇ ಬಿಟ್ಟಿತು. ಅವರು ಬಂದು ಬಗ್ಗಿ ನೋಡಿ ನಕ್ಕರು. "ನಿಮ್ಮ ಕೈಬರಹ ಸ್ವಾಮಿ. ಆರೋ ಒಂಬತ್ತೋ ನೀವೇ ಹೇಳ್ಬುಡಿ, ಅಂಗೇ ತಿದ್ದಿ ರುಜು ಹಾಕಿಸ್ತೀನಿ. ಗಂಟೆ ನಾಕಾಯ್ತು."

ಬಾಗಿಲು ತೆರೆಯಿತೆಂದುಕೊಂಡರೆ ಇನ್ನೊಂದು ಬೀಗ ಬಿತ್ತು. ಆರು ಎಂದರೆ ಸೋದರ ಸೊಸೆಗಾಗಿ ಹೇಳಿದೆ ಎಂದು ನನ್ನ ಮನಸ್ಸೇ ನನ್ನನ್ನು ತಿನ್ನುತ್ತದೆ. ಒಂಬತ್ತು ಎಂದರೆ, ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳಿ ಅವಳ ಕೊರಳಿಗೆ ನಾನೇ ತಾಳಿ ಕಟ್ಟಿಸಿದ ಹಾಗೆ. ಆರು ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಅದನ್ನು ಇಂದಿಗೂ ಮರೆತಿಲ್ಲ.

"ಪತ್ರಿಕೆ ನೋಡಬೇಕು" ಎಂದೆ.

"ಕಟ್ಟು ಅರಗು ಮುದ್ರೆಯಾಗೈತೆ. ಒಡೀಬೇಕಂದ್ರೆ ಸಾಹೇಬರ ಅಪ್ಪಣೆ ಬೇಕು. ಕಾರಣ ಬರ್ದು ಕೊಡಿ."

ಕಾರಣ ಬರೆದೆ. ಕೊನೆಗೆ ಒಂದು ಸಾಲು ಸೇರಿಸಿದೆ: ಪಟ್ಟಿಯ ಎಂಟನೆಯ ಹೆಸರು ನನ್ನ ತಂಗಿಯ ಮಗಳದು, ಆದುದರಿಂದ ನನ್ನ ಮಾತನ್ನು ಪ್ರಮಾಣವಾಗಿ ತೆಗೆದುಕೊಳ್ಳಕೂಡದು. ಇನ್‌ಸ್ಪೆಕ್ಟರು ಅದನ್ನು ಎರಡು ಸಲ ಓದಿದರು, ನನ್ನ ಮುಖ ನೋಡಿದರು, ಅಪ್ಪಣೆ ಬರೆದರು.

ಮುದ್ರೆ ಒಡೆದು ಆ ನಂಬರಿನ ಪತ್ರಿಕೆ ತೆಗೆದರು. ಮೇಲಿನ ಹಾಳೆಯಲ್ಲೂ ಅದೇ ಬಾಲವಿಲ್ಲದ ಅಂಕಿ. ಒಳಗೆ ಹತ್ತು ಪ್ರಶ್ನೆ, ಒಂದೊಂದಕ್ಕೆ ಹತ್ತು ಅಂಕ. ಪ್ರತಿ ಉತ್ತರದ ಪಕ್ಕ ಕೆಂಪು ಶಾಯಿಯಲ್ಲಿ ನಾನು ಹಾಕಿದ್ದು ಇತ್ತು. ಆರು ಕಡೆ ಪೂರ್ತಿ ಹತ್ತು. ಅರವತ್ತು ಅಲ್ಲಿಗೇ ತುಂಬಿತು, ಉಳಿದ ನಾಲ್ಕು ಪ್ರಶ್ನೆಗೆ ಎರಡೇ ಅಂಕ ಎಂದು ಯಾರೂ ಹೇಳುವಂತಿರಲಿಲ್ಲ. ಹೆಡ್ ಗುಮಾಸ್ತರು ಗಟ್ಟಿಯಾಗಿ ಕೂಡಿದರು. ತೊಂಬತ್ತೆರಡು.

ಅಡ್ಡದ ಮೊತ್ತ ತಿದ್ದಿ ಸಾಹೇಬರು ಪಕ್ಕದಲ್ಲಿ ರುಜು ಹಾಕಿದರು. ಈಗ ತಾಳೆಯಾಯಿತು. ಎಂಟನೆಯ ಸಾಲಿನಲ್ಲಿ ನನ್ನ ಚೆಂದದ ಅಕ್ಷರದಲ್ಲಿ ಪಾವಗಡದ ಹುಡುಗನ ಹೆಸರು ಬರೆದೆ.

ಮಾರನೆಯ ದಿನ ಕೊರಟಗೆರೆಗೆ ಹೋದೆ. ತಂಗಿ ಬಾಗಿಲಲ್ಲೇ ಬೆಲ್ಲ ಹಿಡಿದು ನಿಂತಿದ್ದಳು. ಹೇಳಿದೆ. ಬೆಲ್ಲದ ತಟ್ಟೆ ಕೈಯಲ್ಲೇ ಉಳಿಯಿತು.

"ಬಂತು ಅಂತ ನೀನೇ ಹೇಳಿ ಕಳಿಸ್ದೆ. ಊರಿಗೆಲ್ಲ ಸಾರ್ಬುಟ್ಟೆ ಕಣಣ್ಣ" ಎಂದಳು. ಆಮೇಲೆ, "ಇನ್ನೊಂದಪ ಕೂಡಿ ನೋಡ್ಬಾರ್ದಾಗಿತ್ತಾ?" ಎಂದಳು. ನಾನು ಬಹಳ ಸಲ ಕೂಡಿದ್ದೆ, ಅದೇ ತಪ್ಪಾಗಿತ್ತು ಎಂದು ಅವಳಿಗೆ ಹೇಗೆ ಹೇಳಲಿ?

ಹುಡುಗಿ ಒಳಗಿನಿಂದ ಸ್ಲೇಟು ತಂದಳು. "ಆ ಹುಡುಗಂದು ಏನೇನು ಮಾವ, ಹೇಳು" ಎಂದಳು.

ನಾಲ್ಕೂ ಹೇಳಿದೆ. ಅವಳು ಒಂದರ ಕೆಳಗೊಂದು ಬರೆದಳು. ತೊಂಬತ್ತೆರಡು ಬರೆಯುವಾಗ ಒಂಬತ್ತರ ಬಾಲವನ್ನು ನಿಧಾನವಾಗಿ, ಯಾರಿಗೂ ಅನುಮಾನ ಬಾರದ ಹಾಗೆ ಎಳೆದಳು. ಕೆಳಗಿನಿಂದ ಕೂಡಿದಳು, ಮೇಲಿನಿಂದ ಇನ್ನೊಮ್ಮೆ ಕೂಡಿದಳು.

"ಇನ್ನೂರ ಎಂಬತ್ತೈದೇ ಮಾವ. ಸರಿಯಾಗೈತೆ" ಎಂದು ಸ್ಲೇಟನ್ನು ನನ್ನ ಕೈಗೆ ಕೊಟ್ಟು, ಅವರಮ್ಮನ ಕೈಯಿಂದ ತಟ್ಟೆ ತೆಗೆದುಕೊಂಡು ಒಳಗೆ ಹೋದಳು.