ಕೂಡ್ರಸ್ತೀನಿ ಅಂದ ಕಪಾಟ

ಕೋಮಲಳಿಗೆ ನಮ್ಮ ಓಣಿಯಲ್ಲಿದ್ದ ಇನ್ನೊಂದು ಹೆಸರು ‘ಕಪಾಟ’. ಆ ಹೆಸರಿಟ್ಟವನು ಅವಳ ಮನೆಮಾಲೀಕ ತಾತ್ಯಾಸಾಹೇಬ. ಅವನ ಮನೆಯೆದುರಿಗೇ ನನ್ನ ಹಿಟ್ಟಿನ ಗಿರಣಿ. ಗಿರಣಿ ನಿಂತರೆ ಸಾಕು, ಅವನ ಕಟ್ಟೆಯ ಮೇಲಿನ ಮಾತೆಲ್ಲ ನನ್ನ ಕಿವಿಗೆ ಬೀಳುತ್ತದೆ. ಎಷ್ಟೋ ಸಲ ಅದು ಬೀಳದಿದ್ದರೇ ಚೆನ್ನಾಗಿತ್ತು ಅನಿಸಿದೆ.

ಕೋಮಲ ರಾಯಬಾಗ ಕಡೆಯ ಕುರಿಗಾರರ ಮಗಳು. ಗಂಡ ಮಾಳೇಶ ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಸದಲಗಾ, ಕೊಲ್ಲಾಪುರ ಅಂತ ಮನೆಗಿಂತ ರಸ್ತೆಯ ಮೇಲಿರುವುದೇ ಹೆಚ್ಚು. ಇವಳು ಬ್ಲೌಸ್ ಹೊಲಿದು ಮನೆ ನಡೆಸುತ್ತಿದ್ದಳು. ಕೈ ಎಂಥದ್ದಪ್ಪಾ ಅದು! ಅವಳು ಕೂರಿಸಿದ ತೋಳಿಗೆ ಚಿಕ್ಕೋಡಿಯಲ್ಲಿ ಸರಿಸಾಟಿ ಇರಲಿಲ್ಲ. ಆದರೆ ಹೊಲಿಯುವವಳಿಗೆ ಸೂಜಿಯ ಕಣ್ಣು ಕಾಣುವಷ್ಟು ಬೆಳಕು ಬೇಕು, ಗಿರಾಕಿಗಳ ರೇಷ್ಮೆ ಇಡಲು ಬಾಗಿಲು ಮುಚ್ಚುವ ಜಾಗ ಬೇಕು. ಹೆಂಗಸರು ನಂಬಿ ಕೊಟ್ಟ ಬಟ್ಟೆ ಕೆಟ್ಟರೆ ಅವಳ ಹೊಟ್ಟೆಪಾಡೇ ಮುಗಿದ ಹಾಗೆ.

ಅದನ್ನು ಹೇಳಿಯೇ ಅವಳು ತಾತ್ಯಾಸಾಹೇಬನ ಮಹಡಿಯ ಮೇಲಿನ ಮನೆ ಕೇಳಿದ್ದು. ಕಬ್ಬು, ದ್ರಾಕ್ಷಿ ಎರಡೂ ಇದ್ದ ಮನುಷ್ಯ, ಎದೆ ಮುಂದೆ ಮಾಡಿಕೊಂಡೇ ಮಾತಾಡುತ್ತಿದ್ದ.

“ನೀ ಮೊದಲ ಬಂದ ಇರು ಬೇ. ಕಪಾಟ ಕೂಡ್ರಸ್ತೀನಿ, ಎರಡ ಟ್ಯೂಬ್‌ಲೈಟ್ ಹಾಕಸ್ತೀನಿ. ನಮ್ಮ ಮಾತಂದ್ರ ಮಾತ.”

ಬಾಂಡ್ ಪೇಪರಿನ ಮೇಲೆ ಬಾಡಿಗೆ, ಡಿಪಾಜಿಟ್ಟು, ಹನ್ನೊಂದು ತಿಂಗಳು ಎಂದಷ್ಟೇ ಬರೆಸಿದರು. ಕಪಾಟು, ಲೈಟು ಬಾಯಿಮಾತಿನಲ್ಲೇ ಉಳಿದವು. ಇವಳು ಸಾಮಾನು ಏರಿಸಿಕೊಂಡು ಬಂದು ನೋಡಿದರೆ ಗೋಡೆಯ ಮೇಲೆ ವೈರಿನ ಎರಡು ತುದಿ ಜೋತಾಡುತ್ತಿದ್ದವು, ಕಪಾಟು ಇರಬೇಕಾದಲ್ಲಿ ನಾಲ್ಕು ಮೊಳೆ ಇದ್ದವು. ನಡುವೆ ಒಂದು ಮಂಕು ಬಲ್ಬು.

ವಾರ ಬಿಟ್ಟು ಕೆಳಗೆ ಬಂದು ನೆನಪು ಮಾಡಿದಳು. “ಸಾವ್ಕಾರ್ರ, ಕಪಾಟ ಅಂದಿದ್ರಿ... ಲೈಟ ಅಂದಿದ್ರಿ...”

ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತಿದ್ದರು. ತಾತ್ಯಾಸಾಹೇಬ ಅವರ ಕಡೆ ನೋಡಿ ಕಣ್ಣು ಹೊಡೆದ. “ಅಲ್ಲ ಬೇ, ನಿಮ್ಮಪ್ಪ ಅವನ ಕಂಬಳಿ ಯಾವ ಕಪಾಟಿನ್ಯಾಗ ಇಡ್ತಿದ್ದ?”

ಹೋ ಎಂದು ನಕ್ಕರು. ಕೋಮಲಳೂ ನಗುವ ಹಾಗೆ ಮುಖ ಮಾಡಿ ಮೆಟ್ಟಿಲು ಹತ್ತಿದಳು. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಅವಳು ಬಾಯಿ ತೆರೆಯುವ ಮೊದಲೇ ಅವನು ಕೂಗಲು ಶುರುಮಾಡಿದ: “ಬಂತ ನೋಡ್ರಿ ಕಪಾಟ!” ಓಣಿಯ ಮಕ್ಕಳೂ ಕಲಿತವು.

ಮಹಡಿಯ ಕೆಳಗೆ ಸಾವುಕಾರನ ಜೋಳದ ಚೀಲಗಳು. ಚೀಲ ಇದ್ದಲ್ಲಿ ಇಲಿ ಇಲ್ಲದೆ ಇರುತ್ತವೆಯೇ? ಒಬ್ಬ ಗಿರಾಕಿಯ ಬ್ಲೌಸಿನ ಬೆನ್ನು ಕಡಿದವು. ಕೋಮಲ ತಾನೇ ಬಟ್ಟೆ ತಂದು ಮತ್ತೆ ಹೊಲಿದು ಕೊಟ್ಟಳು. ಆ ಹೆಂಗಸು ಆಮೇಲೆ ಬರಲಿಲ್ಲ, ಅವಳ ನಾದಿನಿಯೂ ಬರಲಿಲ್ಲ.

ಸಾವುಕಾರನ ಮನೆಯಲ್ಲಿ ಮನುಷ್ಯತ್ವ ಅಂತ ಇದ್ದದ್ದು ಅವನ ಮಗಳು ಸೌಂದರ್ಯಾ ಒಬ್ಬಳಿಗೇ. ನಿಪ್ಪಾಣಿಯ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಒಂದು ಸಂಜೆ ತನ್ನ ಓದುವ ಟೇಬಲ್ ಲ್ಯಾಂಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಮಷಿನಿನ ಪಕ್ಕ ಇಟ್ಟಳು. “ಅಕ್ಕಾ, ಅಪ್ಪಗ ಹೇಳಬ್ಯಾಡ. ನನ್ನ ಮದವಿ ಬ್ಲೌಸ ನೀನ ಹೊಲೀಬೇಕ ಮತ್ತ.” ಆ ಲ್ಯಾಂಪಿನ ಬೆಳಕಿನಲ್ಲಿ ಕೋಮಲ ಅವಳ ಬ್ಲೌಸಿಗೆ ಒಂದೊಂದೇ ಮಣಿ ಪೋಣಿಸಿದಳು.

ಕಡೆಗೊಂದು ದಿನ ಕೋಮಲಳ ತಾಳ್ಮೆ ಕೆಟ್ಟಿತು. ಬೀಗರು ಕೂತಿದ್ದಾಗಲೇ ಕೆಳಗೆ ಬಂದಳು. “ಕಪಾಟ, ಲೈಟ ಆಗೂದಿಲ್ಲಂದ್ರ ನನ್ನ ಡಿಪಾಜಿಟ್ ಕೊಟ್ಟಬಿಡ್ರಿ ಸಾವ್ಕಾರ್ರ. ಬ್ಯಾರೆ ಮನಿ ನೋಡ್ಕೊತೀನಿ.”

ಬೀಗರ ಮುಂದೆ ಮಾನ ಹೋಯಿತಲ್ಲ! ತಾತ್ಯಾಸಾಹೇಬನ ಮುಖ ಕೆಂಪಾಯಿತು, ದನಿ ಮಾತ್ರ ಬೆಣ್ಣೆ. “ಕೂಡ್ರಸ್ತೀನವ್ವಾ. ಇದ ವಾರದಾಗ ಕೂಡ್ರಸ್ತೀನಿ.”

ಕೂಡ್ರಿಸಿದ. ತನ್ನ ಮನೆಗೆ ಹೊಸ ಕಪಾಟು ತಂದು, ಹಿಂದಿನ ಹಲಗೆ ಉಬ್ಬಿದ್ದ ಹಳೆಯದನ್ನು ಆಳುಗಳಿಂದ ಮೇಲೆ ಹೊರಿಸಿದ. ಎರಡು ಟ್ಯೂಬ್‌ಲೈಟೂ ಬಂದವು. ಕೋಮಲ ಖುಷಿಯಲ್ಲಿ ನನ್ನ ಗಿರಣಿಗೇ ಪೇಡೆ ತಂದಿದ್ದಳು, ಹುಚ್ಚಿ. ಹೋಗಿ ಕಪಾಟಿನ ಬಾಗಿಲು ಎಳೆದರೆ ಬರಲಿಲ್ಲ. ಒಳಗೆ ಸಾವುಕಾರನ ಹೆಂಡತಿ ಅಕ್ಕುತಾಯಿ ಆಗಲೇ ತನ್ನ ಸೀರೆಗಳನ್ನು ತುಂಬಿ, ಕೀಲಿ ಸೊಂಟಕ್ಕೆ ಸಿಗಿಸಿಕೊಂಡಿದ್ದಳು.

“ಸಾವ್ಕಾರ್ರ, ಕಪಾಟ ಕೊಡ್ತೀನಿ ಅಂದಿದ್ರಲ್ರಿ?”

“ಕೊಡ್ತೀನಿ ಅಂದಿಲ್ಲ ಬೇ, ಕೂಡ್ರಸ್ತೀನಿ ಅಂದೀನಿ. ಕೂಡ್ರಸೀನಿ. ನಿನ್ನ ಅರಿವಿ ಇಡಾಕ ಅಂತ ಎಲ್ಲಿ ಅಂದೀನಿ?”

ಲೈಟಿನ ಕಥೆಯೂ ಅದೇ. ಕರೆಂಟನ್ನು ತನ್ನ ಮೀಟರಿನಿಂದ ಎಳೆಸಿ, ಸ್ವಿಚ್ಚನ್ನು ಕೆಳಗೆ ತನ್ನ ಪಡಸಾಲೆಯಲ್ಲಿ ಹಾಕಿಸಿದ್ದ. ಅವನು ಊಟ ಮುಗಿಸಿ ಚಟ್ ಎಂದು ಒತ್ತಿದರೆ ಮೇಲೆ ಅರ್ಧ ಹೊಲಿಗೆಯಲ್ಲಿ ಕತ್ತಲೆ. ಅಕ್ಕುತಾಯಿ ಮನಸ್ಸು ಬಂದಾಗ ಸೀರೆ ನೋಡುವ ನೆವ ಮಾಡಿ ಹೇಳದೆ ಕೇಳದೆ ಒಳಗೆ ನುಗ್ಗುತ್ತಿದ್ದಳು. ಎಂಥ ನೀಚ ಜನ!

ಸ್ವಲ್ಪ ದಿನಕ್ಕೆ ಕಪಾಟಿನೊಳಗಿಂದ ಕರಕರ ಸದ್ದು ಶುರುವಾಯಿತು. ಉಬ್ಬಿದ ಹಲಗೆಯ ಸಂದಿಯಿಂದ ಇಲಿ ಒಳಹೊಕ್ಕಿತ್ತು. ಕೋಮಲ ಅದನ್ನು ಹೇಳಲೆಂದೇ ಕೆಳಗಿಳಿದಳು, ನಾನು ಕಣ್ಣಾರೆ ನೋಡಿದೆ. ಅವಳು ಕೊನೆಯ ಮೆಟ್ಟಿಲಿನಲ್ಲಿದ್ದಾಗಲೇ, “ಬಂತ ನೋಡ್ರಿ ಕಪಾಟ! ಈಗೇನ ಬೇಕ, ಫ್ರಿಜ್ಜಾ?” ಎಂದ ತಾತ್ಯಾಸಾಹೇಬ. ಅಕ್ಕುತಾಯಿ ಬಾಗಿಲಲ್ಲಿ ನಿಂತು ಕಿಸಿಕಿಸಿ ನಕ್ಕಳು. ಕೋಮಲ ಅದೇ ಮೆಟ್ಟಿಲಿನಿಂದ ತಿರುಗಿ ಹತ್ತಿದಳು.

ಮರುದಿನ ಗಿರಣಿಗೆ ಬಂದಾಗ ವಿಷಯ ತಿಳಿದು ನಾನು ಬೈದೆ. “ಹೇಳಬೇ ಹೋಗಿ. ನಾಳೆ ನಿನ್ನ ತಲೀಗ ಬರ್ತೈತಿ.”

“ನಂದೇನ ಹೋಗೂದೈತ್ರಿ ಅಕ್ಕಾರ? ಕೀಲಿ ಅವರ ಕಡೆ ಐತಿ,” ಎಂದು ಹಿಟ್ಟಿನ ಡಬ್ಬಿ ಎತ್ತಿಕೊಂಡಳು. ಅವಳ ಮುಖದಲ್ಲಿ ಅಂಥ ನಗುವನ್ನು ನಾನು ಹಿಂದೆ ನೋಡಿರಲಿಲ್ಲ. ಮದುವೆ ಹತ್ತಿರವಿತ್ತೆಂದು ಅಕ್ಕುತಾಯಿಗೆ ಬೀಗರ ಉಪಚಾರವೇ ಸಾಕಾಗಿ, ಮೇಲೆ ಹೋಗುವುದು ನಿಂತಿತ್ತು. ಇಲಿಗೆ ಯಾರ ಕಾಟವೂ ಇರಲಿಲ್ಲ.

ಅರಿಶಿನದ ಹಿಂದಿನ ದಿನ ಅಕ್ಕುತಾಯಿ ಸೀರೆ ತೆಗೆಯಲು ಮಹಡಿ ಹತ್ತಿದಳು. ಚೀರಿದ್ದು ಬೀದಿಗೆಲ್ಲ ಕೇಳಿಸಿತು. ನಾನೂ ಓಡಿದೆ. ರೇಷ್ಮೆಯೆಲ್ಲ ಚಿಂದಿ, ನಡುವೆ ಕಣ್ಣು ಬಿಡದ ಇಲಿಮರಿಗಳು.

“ಸದ್ದ ಕೇಳಿಲ್ಲೇನ ನೀ? ಇದ ಖೋಲ್ಯಾಗ ಮಲಗತಿದ್ದಿ, ಕೇಳಿಲ್ಲೇನ?” ಎಂದು ಅಕ್ಕುತಾಯಿ ಕೋಮಲಳ ಮೇಲೆ ಹರಿಹಾಯ್ದಳು.

ಕೋಮಲ ಮಷಿನ್ ಬಿಟ್ಟು ಏಳಲಿಲ್ಲ. “ಕೇಳೀನ್ರಿ ವೈನಿ. ದಿನಾ ಕೇಳೀನಿ. ಕಪಾಟ ಕೂಡ್ರಿಸಿದ್ರಿ, ನನಗ ಕೊಟ್ಟಿದ್ದಿಲ್ಲಲ್ರಿ.”

ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೂ ಹಿತವೆನಿಸಿತು.

ಅಕ್ಕುತಾಯಿ ಕಪಾಟಿನ ತಳದ ಖಾನೆಯಿಂದ ಇನ್ನೊಂದನ್ನು ಎಳೆದಳು. ನೇರಳೆ ಬಣ್ಣದ ಪೈಠಣಿ ಸೀರೆ. ಸೌಂದರ್ಯಾಳ ಸತ್ತ ಅಜ್ಜಿಯದು, ಮೊಮ್ಮಗಳ ಮದುವೆಗೆಂದೇ ಎತ್ತಿಟ್ಟುಹೋದದ್ದು. ಅದರ ಸೆರಗಿನ ನವಿಲಿಗೆ ತಲೆಯೇ ಉಳಿದಿರಲಿಲ್ಲ. ಕೋಮಲಳ ಕೈ ಮಷಿನಿನ ಚಕ್ರದ ಮೇಲೆ ನಿಂತುಬಿಟ್ಟಿತು.

ಸೌಂದರ್ಯಾ ಬಾಗಿಲಲ್ಲಿದ್ದಳು. ಕೋಮಲ ಹೊಲಿದ ಮಣಿ ಬ್ಲೌಸು ಅವಳ ಕೈಯಲ್ಲೇ ಇತ್ತು, ಸೀರೆಗೆ ಜೋಡಿಸಿ ನೋಡಲು ತಂದಿದ್ದಳು.

“ಅಕ್ಕಾ, ದಿನಾ ಕೇಳಿದ್ದೀ?”

“ನಿಂದೂ ಅದರಾಗ ಐತಿ ಅಂತ ನನಗ ಗೊತ್ತಿದ್ದಿದ್ದಿಲ್ಲವ್ವಾ,” ಎಂದಳು ಕೋಮಲ. ಎದ್ದು ಅವಳ ಕೈ ಹಿಡಿಯಲು ಹೋದಳು.

ಸೌಂದರ್ಯಾ ಕೈ ಹಿಂದಕ್ಕೆಳೆದುಕೊಂಡಳು. ಬ್ಲೌಸನ್ನು ಮಡಿಚಿ ಮಷಿನಿನ ಮೇಲಿಟ್ಟಳು. ಟೇಬಲ್ ಲ್ಯಾಂಪಿನ ವೈರು ಕಿತ್ತು, ಅದನ್ನು ಎದೆಗೆ ಅವಚಿಕೊಂಡು ಮೆಟ್ಟಿಲು ಇಳಿದು ಹೋದಳು.